ಮಂಗಳೂರಿನಿಂದ ಉಡುಪಿಗೆ ಕಾರ್ಕಳದ ಮೇಲೆ ಏಕೆ ಹೋಗಬೇಕು?

ಪ್ರಶ್ನೆ: ಸರ್, ಉಡುಪಿಯಲ್ಲಿ ಪಾರ್ಸೆಲ್ ಹಂಚುವ ಸಣ್ಣ ವ್ಯವಹಾರ ನಮ್ಮದು. ಯಾವ ಊರಿನಿಂದ ಯಾವ ಊರಿಗೆ ಕನಿಷ್ಠ ಎಷ್ಟು ಸಮಯ ಬೇಕು ಎಂಬುದೆಲ್ಲ ಒಂದೇ ಕೋಷ್ಟಕದಲ್ಲಿ ಸಿಗಲಿ ಎಂದು ಫ್ಲಾಯ್ಡ್–ವಾರ್ಷಲ್ ಪ್ರೋಗ್ರಾಂ ಬರೆದೆ. ಪರೀಕ್ಷೆಗೆಂದು ಐದೇ ಊರು ಕೊಟ್ಟಿದ್ದೇನೆ: 1 ಮಂಗಳೂರು, 2 ಉಡುಪಿ, 3 ಸುರತ್ಕಲ್, 4 ಪಡುಬಿದ್ರಿ, 5 ಕಾರ್ಕಳ. ನಮ್ಮ ವ್ಯಾನಿನ ಲೆಕ್ಕದಲ್ಲಿ ಮಂಗಳೂರು–ಸುರತ್ಕಲ್ 35 ನಿಮಿಷ, ಸುರತ್ಕಲ್–ಪಡುಬಿದ್ರಿ 25, ಪಡುಬಿದ್ರಿ–ಉಡುಪಿ 40, ಮೂಡುಬಿದಿರೆಯ ಮೇಲೆ ಮಂಗಳೂರು–ಕಾರ್ಕಳ 85, ಕಾರ್ಕಳ–ಉಡುಪಿ 60, ಪಡುಬಿದ್ರಿ–ಕಾರ್ಕಳ 45. ಹೋಗಲೂ ಬರಲೂ ಅಷ್ಟೇ ಸಮಯ. ನೇರ ರಸ್ತೆ ಇಲ್ಲದ ಕಡೆ 9999 ಹಾಕಿದ್ದೇನೆ.

```python
for i in range(n):
    for j in range(n):
        for k in range(n):
            d[i][j] = min(d[i][j], d[i][k] + d[k][j])
```

ಉಳಿದ ಎಲ್ಲ ಉತ್ತರಗಳೂ ಸರಿ. ಮಂಗಳೂರು–ಉಡುಪಿಗೆ ಮಾತ್ರ 145 ಎಂದು ಬರುತ್ತಿದೆ, ಅಂದರೆ ಕಾರ್ಕಳದ ಮೇಲೆ ಹೋಗು ಎನ್ನುತ್ತಿದೆ. ಹೆದ್ದಾರಿಯಲ್ಲೇ ಹೋದರೆ 100 ಸಾಕಲ್ಲ? ಪ್ರತಿ ಸುತ್ತಿಗೂ ಹೊಸ ಕೋಷ್ಟಕ ಬೇಕು, ಒಂದೇ ಕೋಷ್ಟಕವನ್ನು ತಿದ್ದಿದ್ದು ತಪ್ಪು ಎಂದು ಒಬ್ಬ ಗೆಳೆಯ ಹೇಳಿದ. ಊರುಗಳ ಸಂಖ್ಯೆ ಬದಲಾಯಿಸು ಎಂದು ಇನ್ನೊಬ್ಬ ಹೇಳಿದ. ಹಾಗೆ ಮಾಡಿದಾಗ ಸರಿಯಾಯಿತು! ಸಂಖ್ಯೆ ಬದಲಾಯಿಸದೆ ಎರಡು ಸಲ ಓಡಿಸಿದರೂ ಸರಿಯಾಯಿತು. ಯಾವುದನ್ನು ನಂಬಲಿ? ಇನ್ನೊಂದು: ಮಳೆಗಾಲದಲ್ಲಿ ಒಂದು ರಸ್ತೆಯ ಸಮಯ ಹೆಚ್ಚಾದರೆ ಕೋಷ್ಟಕದ ಆ ಒಂದು ಮನೆಯನ್ನಷ್ಟೇ ತಿದ್ದಿದರೆ ಸಾಲದೇ?

ಉತ್ತರ: ನಿಮ್ಮ ಪ್ರೋಗ್ರಾಂನಲ್ಲಿ ತಪ್ಪು ಒಂದೇ. `k` ಲೂಪ್ ಎಲ್ಲಕ್ಕಿಂತ ಒಳಗಿದೆ, ಅದು ಎಲ್ಲಕ್ಕಿಂತ ಹೊರಗಿರಬೇಕು. ಒಂದೇ ಕೋಷ್ಟಕವನ್ನು ತಿದ್ದಿದ್ದರಲ್ಲಿ ತಪ್ಪಿಲ್ಲ. ಸಂಖ್ಯೆ ಬದಲಾಯಿಸಿದಾಗ ಉತ್ತರ ಸರಿಬಂದದ್ದು ಆಕಸ್ಮಿಕ. ಎರಡು ಸಲ ಓಡಿಸಿದಾಗ ಸರಿಯಾದದ್ದು ಪೂರ್ತಿ ಆಕಸ್ಮಿಕವಲ್ಲ, ಆದರೆ ಎರಡು ಸಲ ಎಲ್ಲ ಕಡೆಯೂ ಸಾಕಾಗುವುದಿಲ್ಲ. ಇದೇ ತಪ್ಪನ್ನು ನಾನು ಎಷ್ಟೋ ವಿದ್ಯಾರ್ಥಿಗಳ ಪುಸ್ತಕದಲ್ಲಿ ಕಂಡಿದ್ದೇನೆ, ಕೆಲಸಕ್ಕೆ ಸೇರಿದವರ ಪ್ರೋಗ್ರಾಂಗಳಲ್ಲೂ ಕಂಡಿದ್ದೇನೆ. ಅದು ಬೇಗ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ಅದರ ಅಪಾಯ. ಹತ್ತು ಜೋಡಿಗಳಲ್ಲಿ ಒಂಬತ್ತು ಸರಿ ಬಂದಾಗ ಹತ್ತನೆಯದನ್ನು ಯಾರು ಅನುಮಾನಿಸುತ್ತಾರೆ? ನೀವು ಅನುಮಾನಿಸಿದ್ದು ಆ ರಸ್ತೆಯಲ್ಲಿ ದಿನವೂ ಓಡಾಡುವ ಕಾರಣಕ್ಕೆ. ಗುರುತಿಲ್ಲದ ಊರುಗಳಾಗಿದ್ದರೆ 145ನ್ನೇ ನಂಬಿ ವ್ಯಾನನ್ನು ಕಾರ್ಕಳಕ್ಕೆ ಕಳುಹಿಸುತ್ತಿದ್ದಿರಿ.

ಮೊದಲು ನಿಮ್ಮ ಪ್ರೋಗ್ರಾಂ ನಿಜವಾಗಿ ಏನು ಮಾಡಿತು ಎಂದು ನೋಡೋಣ. ಪೈಥಾನ್ 0ಯಿಂದ ಎಣಿಸುತ್ತದೆ, ಆದರೆ ನಾನು ನೀವು ಕೊಟ್ಟ 1ರಿಂದ 5ರ ಸಂಖ್ಯೆಗಳನ್ನೇ ಬಳಸುತ್ತೇನೆ.

ಹೊರಗಿನ ಎರಡು ಲೂಪ್‌ಗಳು `i` ಮತ್ತು `j` ಆಗಿರುವುದರಿಂದ ನಿಮ್ಮ ಪ್ರೋಗ್ರಾಂ ಒಂದೊಂದೇ ಜೋಡಿಯನ್ನು ಕೈಗೆತ್ತಿಕೊಳ್ಳುತ್ತದೆ. ಆ ಜೋಡಿಗೆ ಐದೂ ಊರುಗಳನ್ನು ನಡುವೆ ಇಟ್ಟು ನೋಡಿ, ಸಿಕ್ಕಿದ ಕನಿಷ್ಠವನ್ನು ಬರೆದು, ಮುಂದಿನ ಜೋಡಿಗೆ ಹೋಗುತ್ತದೆ. ಒಮ್ಮೆ ಬಿಟ್ಟ ಜೋಡಿಯ ಕಡೆಗೆ ಮತ್ತೆ ಬರುವುದೇ ಇಲ್ಲ. ನಿಮ್ಮ ಪಟ್ಟಿಯಲ್ಲಿ ಮಂಗಳೂರಿಗೆ 1, ಉಡುಪಿಗೆ 2. ದೊಡ್ಡ ಊರುಗಳನ್ನು ಮೊದಲು ಬರೆಯುವುದು ಸಹಜ. ಆದರೆ ಅದರಿಂದಾಗಿ, ಊರಿನಿಂದ ಅದೇ ಊರಿಗೆ ಎಂಬ 0ಯ ಮನೆಯನ್ನು ಬಿಟ್ಟರೆ, ಪ್ರೋಗ್ರಾಂ ಮೊಟ್ಟಮೊದಲು ಕೈಗೆತ್ತಿಕೊಂಡದ್ದು ಮಂಗಳೂರು–ಉಡುಪಿ ಜೋಡಿಯನ್ನು.

ಆ ಕ್ಷಣದಲ್ಲಿ ಕೋಷ್ಟಕಕ್ಕೆ ಗೊತ್ತಿರುವುದು ನೇರ ರಸ್ತೆಗಳು ಮಾತ್ರ. ಸುರತ್ಕಲ್ ನಡುವೆ ಇಟ್ಟರೆ ಮಂಗಳೂರಿನಿಂದ ಅಲ್ಲಿಗೆ 35 ನಿಮಿಷ, ಆದರೆ ಸುರತ್ಕಲ್–ಉಡುಪಿ ಮನೆಯಲ್ಲಿ ಇನ್ನೂ 9999 ಇದೆ. ಪಡುಬಿದ್ರಿ ನಡುವೆ ಇಟ್ಟರೆ ಅಲ್ಲಿಂದ ಉಡುಪಿಗೆ 40 ನಿಮಿಷ, ಆದರೆ ಮಂಗಳೂರು–ಪಡುಬಿದ್ರಿ ಮನೆಯಲ್ಲಿ 9999. ಕಾರ್ಕಳ ನಡುವೆ ಇಟ್ಟರೆ ಮಾತ್ರ ಎರಡೂ ತುಂಡುಗಳು ನೇರ ರಸ್ತೆಗಳು: 85 ಮತ್ತು 60, ಸೇರಿಸಿದರೆ 145. ಬೇರೆ ದಾರಿ ಕಾಣದ ಪ್ರೋಗ್ರಾಂ ಅದನ್ನೇ ಬರೆದು ಮುಂದೆ ಹೋಯಿತು. ಹೆದ್ದಾರಿಯ ದಾರಿಯಲ್ಲಿ ಸುರತ್ಕಲ್ ಮತ್ತು ಪಡುಬಿದ್ರಿ ಎಂಬ ಎರಡು ನಡುವಿನ ಊರುಗಳಿವೆ. ಕಾರ್ಕಳದ ದಾರಿಯಲ್ಲಿ ಒಂದೇ. ಮೊದಲ ಜೋಡಿಗೆ ಒಂದು ನಡುವಿನ ಊರಿನ ದಾರಿಗಳಷ್ಟೇ ಕಾಣುವುದರಿಂದ ಹೆದ್ದಾರಿ ಅದರ ಕಣ್ಣಿಗೆ ಬೀಳಲೇ ಇಲ್ಲ.

ಆಮೇಲೆ ಕೋಷ್ಟಕಕ್ಕೆ ತಿಳಿವಳಿಕೆ ಬಂತು. ಮಂಗಳೂರು–ಪಡುಬಿದ್ರಿ 60 ಎಂದು ಅದೇ ಸಾಲಿನಲ್ಲಿ, ಎರಡು ಮನೆ ದಾಟಿದ ಮೇಲೆ ಗೊತ್ತಾಯಿತು. ಸುರತ್ಕಲ್–ಉಡುಪಿ 65 ಎಂದು ಮೂರನೆಯ ಸಾಲಿನಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಮಂಗಳೂರು–ಉಡುಪಿ ಮನೆಯ ಸರದಿ ಮುಗಿದುಹೋಗಿತ್ತು. ಉಡುಪಿ–ಮಂಗಳೂರು ಮನೆಗೂ ಅದೇ ಗತಿ. ಎರಡನೆಯ ಸಾಲಿನ ಮೊದಲ ಮನೆಯಾದ ಅದರ ಸರದಿ ಬಂದಾಗ ಪಡುಬಿದ್ರಿ–ಮಂಗಳೂರು ಮನೆಯಲ್ಲಿ ಇನ್ನೂ 9999 ಇತ್ತು. ಎದುರು ದಿಕ್ಕಿನ ಮನೆಯಲ್ಲಿ 60 ಬಂದಿದ್ದರೂ ಪ್ರೋಗ್ರಾಂ ಅದನ್ನು ಇಲ್ಲಿಗೆ ನಕಲು ಮಾಡಿಕೊಳ್ಳುವುದಿಲ್ಲ. ಹೀಗೆ ಕೊನೆಗೆ ನಿಮಗೆ ಸಿಕ್ಕಿದ ಕೋಷ್ಟಕ ಇದು:

```
  0  145   35   60   85
145    0   65   40   60
 35   65    0   25   70
 60   40   25    0   45
 85   60   70   45    0
```

ಎರಡು 145ಗಳನ್ನು ಬಿಟ್ಟರೆ ಒಂದಂಕಿಯೂ ತಪ್ಪಿಲ್ಲ.

ಈಗ ಸರಿಯಾದ ಕ್ರಮ. ಇದನ್ನು ಲೂಪ್‌ಗಳ ಲೆಕ್ಕವಾಗಿ ನೋಡುವುದಕ್ಕಿಂತ ಊರುಗಳ ಗೇಟು ತೆರೆಯುವ ಕೆಲಸವಾಗಿ ನೋಡಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಆರಂಭದಲ್ಲಿ ಯಾವ ಊರನ್ನೂ ಹಾದುಹೋಗುವಂತಿಲ್ಲ ಎಂದುಕೊಳ್ಳಿ. ಹೊರಟ ಊರಿನಿಂದ ತಲುಪುವ ಊರಿಗೆ ನೇರ ರಸ್ತೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮೇಲೆ ಒಂದು ಊರಿನ ಗೇಟು ತೆರೆಯುತ್ತೇವೆ: ಇನ್ನು ಮುಂದೆ ಈ ಊರನ್ನು ಹಾದುಹೋಗಬಹುದು. ಒಂದು ಗೇಟು ತೆರೆದ ಕೂಡಲೇ ಕೋಷ್ಟಕದ ಎಲ್ಲ ಜೋಡಿಗಳಿಗೂ ಒಂದೇ ಪ್ರಶ್ನೆ: ಈ ಊರಿನ ಮೂಲಕ ಹೋದರೆ ನಿನಗೆ ಲಾಭವಿದೆಯೇ? ಎಲ್ಲರನ್ನೂ ಕೇಳಿ ಮುಗಿಸಿದ ಮೇಲೆ ಮುಂದಿನ ಗೇಟು. ಹೊರಗಿನ `k` ಲೂಪ್ ಎಂದರೆ ಈ ಗೇಟುಗಳು, ಒಳಗಿನ `i`, `j` ಎಂದರೆ ಎಲ್ಲ ಜೋಡಿಗಳನ್ನೂ ಕೇಳುವ ಕೆಲಸ.

ನಿಮ್ಮ ಐದು ಊರುಗಳಲ್ಲೇ ಇದನ್ನು ನಡೆಸಿ ನೋಡೋಣ. ರಸ್ತೆಗಳೆಲ್ಲ ಎರಡೂ ದಿಕ್ಕಿಗೆ ಒಂದೇ ಸಮಯದವಾದ್ದರಿಂದ ಒಂದು ದಿಕ್ಕನ್ನಷ್ಟೇ ಹೇಳುತ್ತೇನೆ.

ಮಂಗಳೂರಿನ ಗೇಟು ತೆರೆದಾಗ ಲಾಭವಾಗುವುದು ಒಂದೇ ಜೋಡಿಗೆ. ಸುರತ್ಕಲ್‌ನಿಂದ ಮಂಗಳೂರಿಗೆ ಬಂದು ಕಾರ್ಕಳಕ್ಕೆ ಹೋಗಬಹುದು, 35 ಮತ್ತು 85 ಸೇರಿ 120. ಇದು ಬಳಸುದಾರಿ, ಆದರೆ ಸದ್ಯಕ್ಕೆ ಗೊತ್ತಿರುವುದರಲ್ಲಿ ಇದೇ ಉತ್ತಮ. ಉಡುಪಿಯ ಗೇಟು ತೆರೆದಾಗ ಯಾರಿಗೂ ಲಾಭವಿಲ್ಲ. ಪಡುಬಿದ್ರಿಯಿಂದ ಉಡುಪಿಯ ಮೇಲೆ ಕಾರ್ಕಳಕ್ಕೆ 100 ಆಗುತ್ತದೆ, ನೇರವಾಗಿಯೇ 45 ಇದೆ. ಸುರತ್ಕಲ್‌ನ ಗೇಟು ತೆರೆದಾಗ ಮಂಗಳೂರು–ಪಡುಬಿದ್ರಿಗೆ 60 ಸಿಗುತ್ತದೆ. ಮಂಗಳೂರು–ಉಡುಪಿ ಮನೆಯಲ್ಲಿ ಈಗಲೂ 9999 ಇದೆ. ಅದಕ್ಕೆ ಅವಸರವಿಲ್ಲ, ಅದರ ಸರದಿ ಇನ್ನೂ ಎರಡು ಸಲ ಬರಲಿಕ್ಕಿದೆ.

ನಾಲ್ಕನೆಯದಾಗಿ ಪಡುಬಿದ್ರಿಯ ಗೇಟು ತೆರೆದಾಗ ಎಲ್ಲವೂ ಕೂಡಿಬರುತ್ತದೆ. ಹಿಂದಿನ ಸುತ್ತಿನಲ್ಲಿ ಸಿಕ್ಕಿದ 60ಕ್ಕೆ ಪಡುಬಿದ್ರಿ–ಉಡುಪಿಯ 40 ಸೇರಿ ಮಂಗಳೂರು–ಉಡುಪಿ 100. ಸುರತ್ಕಲ್–ಉಡುಪಿ 65. ಸುರತ್ಕಲ್–ಕಾರ್ಕಳ 120 ಇದ್ದದ್ದು 70ಕ್ಕೆ ಇಳಿಯುತ್ತದೆ. ಕೊನೆಗೆ ಕಾರ್ಕಳದ ಗೇಟು ತೆರೆದಾಗ ಮಂಗಳೂರು–ಉಡುಪಿಗೆ 145 ಎಂಬ ಪ್ರಸ್ತಾವ ಬರುತ್ತದೆ, 100 ಆಗಲೇ ಇರುವುದರಿಂದ ತಿರಸ್ಕೃತವಾಗುತ್ತದೆ. ನಿಮ್ಮ ಪ್ರೋಗ್ರಾಂ ಒಪ್ಪಿಕೊಂಡದ್ದೂ ಇದೇ ಪ್ರಸ್ತಾವವನ್ನು. ಅಲ್ಲಿ ಅದಕ್ಕೆ ಎದುರಾಳಿ ಇರಲಿಲ್ಲ, ಅಷ್ಟೇ.

ಇದು ಯಾವ ನಕ್ಷೆಗಾದರೂ ಸರಿ ಬರುತ್ತದೆ ಎಂದು ಹೇಗೆ ಹೇಳುವುದು? ಪ್ರತಿ ಸುತ್ತಿನ ಕೊನೆಯಲ್ಲಿ ಕೋಷ್ಟಕ ಒಂದು ಮಾತನ್ನು ಉಳಿಸಿಕೊಳ್ಳುತ್ತದೆ: ಈವರೆಗೆ ಗೇಟು ತೆರೆದ ಊರುಗಳನ್ನು ಮಾತ್ರ ಹಾದುಹೋಗಬಹುದಾದರೆ, ಪ್ರತಿ ಜೋಡಿಯ ನಡುವಿನ ಕನಿಷ್ಠ ಸಮಯ ಇಷ್ಟು. ಈಗ ಹೊಸದಾಗಿ ಒಂದು ಊರಿನ ಗೇಟು ತೆರೆದಿರಿ. ಹೊಸ ಕನಿಷ್ಠ ದಾರಿ ಆ ಊರನ್ನು ಹಾದುಹೋಗದಿದ್ದರೆ ಹಳೆಯ ಸಂಖ್ಯೆಯೇ ಸರಿ. ಹಾದುಹೋಗುವುದಾದರೆ ಒಂದೇ ಸಲ ಹಾದುಹೋಗುತ್ತದೆ, ಏಕೆಂದರೆ ಎರಡು ಸಲ ಹೋಗಿ ಸುತ್ತು ಹಾಕುವುದರಿಂದ ಸಮಯ ಉಳಿಯುವುದಿಲ್ಲ. ಆಗ ಆ ದಾರಿಯನ್ನು ಆ ಊರಿನಲ್ಲಿ ಎರಡು ತುಂಡು ಮಾಡಿದರೆ ಎರಡೂ ತುಂಡುಗಳು ಹಳೆಯ ಗೇಟುಗಳನ್ನಷ್ಟೇ ಹಾದುಹೋಗಿರುತ್ತವೆ, ಅವುಗಳ ಕನಿಷ್ಠ ಸಮಯ ಕೋಷ್ಟಕದಲ್ಲಿ ಆಗಲೇ ಸರಿಯಾಗಿದೆ. ಆದ್ದರಿಂದ ಒಂದು ಕೂಡುವಿಕೆ, ಒಂದು ಹೋಲಿಕೆ ಸಾಕು. ನಿಮ್ಮ ಲೂಪ್‌ಗಳ ಕ್ರಮದಲ್ಲಿ ಹೀಗೆ ಹೇಳಬಲ್ಲ ಮಾತು ಯಾವ ಹಂತದಲ್ಲೂ ಇಲ್ಲ. ಆ ಎರಡು ತುಂಡುಗಳು ಸರಿಯಾಗಿವೆ ಎಂಬ ಭರವಸೆಯೇ ಇಲ್ಲದೆ ಅದು ಕೂಡುತ್ತದೆ.

1962ರಲ್ಲಿ ರಾಬರ್ಟ್ ಫ್ಲಾಯ್ಡ್ ಇದನ್ನು ಪ್ರಕಟಿಸಿದ್ದು ಕೆಲವೇ ಸಾಲುಗಳ ಪ್ರೋಗ್ರಾಂ ರೂಪದಲ್ಲಿ. ಅದೇ ವರ್ಷ ಸ್ಟೀಫನ್ ವಾರ್ಷಲ್ ಉತ್ತರಿಸಿದ್ದು ಇದಕ್ಕಿಂತ ಸರಳವಾದ ಪ್ರಶ್ನೆಗೆ: ಎಷ್ಟು ದೂರ ಎಂದಲ್ಲ, ತಲುಪಲು ಸಾಧ್ಯವೇ ಇಲ್ಲವೇ ಎಂದಷ್ಟೇ. ಫ್ರಾನ್ಸಿನ ಬರ್ನಾರ್ ರಾಯ್ 1959ರಲ್ಲೇ ಇದೇ ವಿಧಾನವನ್ನು ಕಂಡುಕೊಂಡಿದ್ದರು, ಆದ್ದರಿಂದ ಕೆಲವರು ಅವರ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಮೂರು ಲೂಪ್‌ಗಳು ನೋಡಲು ಒಂದರಂತೆ ಒಂದು ಇರುವುದರಿಂದ ಅವುಗಳಲ್ಲಿ ಒಂದಕ್ಕೆ ಬೇರೆಯೇ ಕೆಲಸ ಇದೆ ಎಂಬುದು ಮರೆತುಹೋಗುತ್ತದೆ. ಎರಡು ಕೋಷ್ಟಕಗಳನ್ನು, ಅಂದರೆ ಮ್ಯಾಟ್ರಿಕ್ಸ್‌ಗಳನ್ನು, ಗುಣಿಸುವಾಗ `i, j, k` ಎಂದು ಬರೆಯುವ ರೂಢಿ ನಮ್ಮ ಕೈಗೆ ಅಂಟಿದೆ. ಅಲ್ಲಿ ಕ್ರಮ ಹೇಗಿದ್ದರೂ ಉತ್ತರ ಒಂದೇ. ಇಲ್ಲಿ ಓದುವ ಕೋಷ್ಟಕದಲ್ಲೇ ಬರೆಯುತ್ತಿದ್ದೇವೆ, ಹಾಗಾಗಿ ಆ ರೂಢಿ ಇಲ್ಲಿ ಸಲ್ಲದು.

ಓದುವ ಕೋಷ್ಟಕದಲ್ಲೇ ಬರೆಯುವುದು ಎಂದಾಗ ನಿಮ್ಮ ಮೊದಲ ಗೆಳೆಯನ ಮಾತಿಗೆ ಬರಬೇಕು. ಅವರು ಹೇಳಿದ್ದರ ಹಿಂದೆ ನಿಜವಾದ ಅನುಮಾನವೊಂದಿದೆ. ಪಠ್ಯಪುಸ್ತಕಗಳಲ್ಲಿ ಪ್ರತಿ ಸುತ್ತಿಗೂ ಬೇರೆ ಕೋಷ್ಟಕ ಬರೆದು ತೋರಿಸುತ್ತಾರೆ. ಪಡುಬಿದ್ರಿಯ ಸುತ್ತಿನಲ್ಲಿ ಹಳೆಯ ಸಂಖ್ಯೆಗಳನ್ನು ಓದಬೇಕಾದಲ್ಲಿ ಅದೇ ಸುತ್ತಿನಲ್ಲಿ ತಿದ್ದಿದ ಹೊಸ ಸಂಖ್ಯೆಯನ್ನು ಓದಿಬಿಟ್ಟರೆ ಕೆಡುವುದಿಲ್ಲವೇ ಎಂಬುದು ಅವರ ಶಂಕೆ ಇರಬೇಕು. ಆ ಸುತ್ತಿನಲ್ಲಿ ನಾವು ಓದುವುದು ಎರಡು ಬಗೆಯ ಮನೆಗಳನ್ನು: ಪಡುಬಿದ್ರಿಗೆ ಬರುವ ಸಮಯಗಳು ಮತ್ತು ಪಡುಬಿದ್ರಿಯಿಂದ ಹೊರಡುವ ಸಮಯಗಳು. ಇವು ಅದೇ ಸುತ್ತಿನಲ್ಲಿ ಬದಲಾಗಬಲ್ಲವೇ? ಮಂಗಳೂರು–ಪಡುಬಿದ್ರಿ ಬದಲಾಗಬೇಕಾದರೆ ಮಂಗಳೂರಿನಿಂದ ಪಡುಬಿದ್ರಿಗೆ ಬಂದು, ಅಲ್ಲಿಂದ ಪಡುಬಿದ್ರಿಗೇ ಹೋಗಿ ಲಾಭ ಮಾಡಿಕೊಳ್ಳಬೇಕು. 60ಕ್ಕೆ 0 ಸೇರಿಸಿದರೆ 60. ಓದುವ ಸಾಲೂ ಕಂಬವೂ ಆ ಸುತ್ತಿನ ಉದ್ದಕ್ಕೂ ಅಲುಗುವುದಿಲ್ಲ. ಆದ್ದರಿಂದ ಹೊಸ ಕೋಷ್ಟಕ ಮಾಡಿದರೂ ಹಳೆಯದರಲ್ಲೇ ತಿದ್ದಿದರೂ ಫಲ ಒಂದೇ. ಇದೇ ಕಾರಣಕ್ಕೆ ಒಂದು ಸುತ್ತಿನೊಳಗೆ ಯಾವ ಜೋಡಿಯನ್ನು ಮೊದಲು ಕೇಳಿದರೂ ವ್ಯತ್ಯಾಸವಿಲ್ಲ, `i` ಹೊರಗಿದ್ದು `j` ಒಳಗಿರಲಿ ಅಥವಾ ಅದರ ತಿರುವುಮುರುವಾಗಿರಲಿ.

ಇದಕ್ಕೆ ಒಂದು ಷರತ್ತು ಇದೆ. ಊರಿನಿಂದ ಅದೇ ಊರಿಗೆ ಎಂಬ ಮನೆ 0ಗಿಂತ ಕೆಳಗೆ ಇಳಿಯಬಾರದು. ನೀವು ಲೆಕ್ಕ ಹಾಕುತ್ತಿರುವುದು ನಿಮಿಷಗಳನ್ನಾದ್ದರಿಂದ ಆ ಭಯವಿಲ್ಲ. ಮುಂದೆ ಎಂದಾದರೂ ನಿಮಿಷದ ಬದಲು ಹಣದ ಲೆಕ್ಕ ಹಾಕಿ, ಹಿಂದಿರುಗುವಾಗ ಸಿಗುವ ಬಾಡಿಗೆಯನ್ನು ಋಣ ಸಂಖ್ಯೆಯಾಗಿ ಬರೆದರೆ, ಒಂದು ಸುತ್ತು ಹಾಕಿ ಬಂದರೆ ಖರ್ಚು ಸೊನ್ನೆಗಿಂತ ಕಡಿಮೆ ಎಂಬ ಸ್ಥಿತಿ ಬರಬಹುದು. ಆಗ ಸುತ್ತುತ್ತಲೇ ಇದ್ದರೆ ಖರ್ಚು ಇಳಿಯುತ್ತಲೇ ಹೋಗುತ್ತದೆ, ಕನಿಷ್ಠ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಕೋಷ್ಟಕದ ಕರ್ಣದಲ್ಲಿ ಋಣ ಸಂಖ್ಯೆ ಕಂಡರೆ ಅದೇ ಅದರ ಗುರುತು. ಕಂಡಲ್ಲಿ ನಿಲ್ಲಿಸಿ, ಆ ಊರನ್ನು ಮುಟ್ಟುವ ಉತ್ತರಗಳನ್ನು ನಂಬಬೇಡಿ.

ಎರಡನೆಯ ಗೆಳೆಯನ ಸಲಹೆಯನ್ನು ನಾನೂ ಕೈಯಲ್ಲಿ ಲೆಕ್ಕ ಹಾಕಿ ನೋಡಿದೆ. ಊರುಗಳನ್ನು ಹೆದ್ದಾರಿಯ ಉದ್ದಕ್ಕೂ ಮಂಗಳೂರು, ಸುರತ್ಕಲ್, ಪಡುಬಿದ್ರಿ, ಉಡುಪಿ, ಕೊನೆಗೆ ಕಾರ್ಕಳ ಎಂದು ಬರೆದರೆ ನಿಮ್ಮ ತಪ್ಪು ಪ್ರೋಗ್ರಾಂ ಎಲ್ಲ ಮನೆಗಳಲ್ಲೂ ಸರಿಯಾದ ಉತ್ತರ ಕೊಡುತ್ತದೆ. ಮಂಗಳೂರಿನ ಸಾಲಿನಲ್ಲಿ ಸುರತ್ಕಲ್, ಆಮೇಲೆ ಪಡುಬಿದ್ರಿ, ಆಮೇಲೆ ಉಡುಪಿ ಎಂದು ಹೋಗುವಾಗ ಹಿಂದಿನ ಊರಿನ ಉತ್ತರ ಮುಂದಿನ ಊರಿಗೆ ಸಿದ್ಧವಾಗಿರುತ್ತದೆ. ಈ ಆಕಸ್ಮಿಕ ನನಗೆ ಬಹಳ ಕಳವಳ ತರುತ್ತದೆ. ವರ್ಷಗಳ ಹಿಂದೆ ನಾನು ಸಹಾಯ ಮಾಡಿದ ಒಂದು ಕೆಲಸದಲ್ಲಿ ನಿಲ್ದಾಣಗಳನ್ನು ರಸ್ತೆಯ ಉದ್ದಕ್ಕೆ ಅನುಕ್ರಮವಾಗಿ ಬರೆದಿದ್ದರು. ಇದೇ ತಪ್ಪು ಲೂಪ್ ತಿಂಗಳುಗಟ್ಟಲೆ ಸರಿಯಾಗಿಯೇ ನಡೆಯಿತು. ಯಾರೋ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದ ದಿನ ಉತ್ತರಗಳು ಅಲ್ಲಲ್ಲಿ ಕೆಟ್ಟವು, ಎಲ್ಲರೂ ದೂರಿದ್ದು ಅಕಾರಾದಿಯನ್ನು. ಸರಿಯಾದ ಕ್ರಮದಲ್ಲಿ ಬರೆದ ಪ್ರೋಗ್ರಾಂಗೆ ಸಂಖ್ಯೆ ಹೇಗಿದ್ದರೂ ಸರಿ. ಮೊದಲು ಕಾರ್ಕಳದ ಗೇಟು ತೆರೆಯಿರಿ ಅಥವಾ ಉಡುಪಿಯದು, ನಡುವಿನ ಕೋಷ್ಟಕಗಳು ಬೇರೆಯಾಗುತ್ತವೆ, ಕೊನೆಯದು ಒಂದೇ.

ಇನ್ನು ಎರಡು ಸಲ ಓಡಿಸುವುದು. ನಿಮ್ಮ ಕೋಷ್ಟಕದಲ್ಲಿ ಎರಡನೆಯ ಸಲ ಮಂಗಳೂರು–ಉಡುಪಿಯ ಸರದಿ ಬಂದಾಗ ಸುರತ್ಕಲ್–ಉಡುಪಿ 65 ಎಂಬುದು ಸಿದ್ಧವಾಗಿದೆ, 35 ಸೇರಿಸಿ 100 ಸಿಕ್ಕಿತು. ಈ ತಪ್ಪು ಎಷ್ಟು ಸಾಮಾನ್ಯವೆಂದರೆ 2019ರಲ್ಲಿ ಜಪಾನಿನ ಮೂವರು ಸಂಶೋಧಕರು ಇದರ ಮೇಲೆಯೇ ಒಂದು ಪ್ರಬಂಧ ಬರೆದರು. `i, j, k` ಕ್ರಮದಲ್ಲಿ ಬರೆದ ಪ್ರೋಗ್ರಾಂ ಮೂರು ಸಲ ಓಡಿಸಿದರೆ, `i, k, j` ಕ್ರಮದ್ದು ಎರಡು ಸಲ ಓಡಿಸಿದರೆ, ಊರುಗಳು ಎಷ್ಟೇ ಇರಲಿ, ಸರಿಯಾದ ಉತ್ತರ ಕೊಟ್ಟೇ ಕೊಡುತ್ತದೆ ಎಂದು ಅವರು ಸಾಧಿಸಿ ತೋರಿಸಿದರು. ಈ ಫಲಿತಾಂಶ ಓದಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು, ಏಕೆಂದರೆ ಊರುಗಳು ಹೆಚ್ಚಿದಂತೆ ಸಲಗಳೂ ಹೆಚ್ಚಬೇಕು ಎಂದೇ ನಾನು ಊಹಿಸಿದ್ದೆ. ಆದರೆ ನಿಮ್ಮದು `i, j, k`, ನಿಮಗೆ ಭರವಸೆ ಇರುವುದು ಮೂರಕ್ಕೆ, ಎರಡಕ್ಕಲ್ಲ. ಐದು ಊರಿಗೆ ಒಂದು ಓಟದಲ್ಲಿ 125 ಪ್ರಶ್ನೆಗಳು, ಇನ್ನೂರು ಊರಿಗೆ 80 ಲಕ್ಷ. ಒಂದೇ ಸಾಲನ್ನು ಮೇಲಕ್ಕೆ ಎತ್ತಿದರೆ ಮುಗಿಯುವ ಕೆಲಸಕ್ಕೆ ಮೂರು ಪಟ್ಟು ಶ್ರಮ ಕೊಡುವ ಅಗತ್ಯವಿಲ್ಲ.

ತಿದ್ದಿದ ಪ್ರೋಗ್ರಾಂ ಇದು. ಸಮಯದ ಜೊತೆಗೆ ದಾರಿಯೂ ಸಿಗಲಿ ಎಂದು ಇನ್ನೊಂದು ಕೋಷ್ಟಕ ಸೇರಿಸಿದ್ದೇನೆ:

```python
for k in range(n):
    for i in range(n):
        for j in range(n):
            if d[i][k] + d[k][j] < d[i][j]:
                d[i][j] = d[i][k] + d[k][j]
                nxt[i][j] = nxt[i][k]
```

`nxt[i][j]` ಎಂದರೆ `i`ಯಿಂದ `j`ಗೆ ಹೊರಟರೆ ಮೊದಲು ಸಿಗುವ ಊರು. ಆರಂಭದಲ್ಲಿ ನೇರ ರಸ್ತೆ ಇರುವಲ್ಲೆಲ್ಲ ಅದು `j` ಆಗಿರಲಿ. ಆಮೇಲೆ ಮಂಗಳೂರಿನಿಂದ ಉಡುಪಿಗೆ ಕೇಳಿದರೆ ಸುರತ್ಕಲ್ ಎನ್ನುತ್ತದೆ, ಸುರತ್ಕಲ್‌ನಿಂದ ಉಡುಪಿಗೆ ಕೇಳಿದರೆ ಪಡುಬಿದ್ರಿ, ಅಲ್ಲಿಂದ ಉಡುಪಿ. ಹೀಗೆ ಒಂದೊಂದೇ ಹೆಜ್ಜೆ ಕೇಳುತ್ತ ಹೋದರೆ ಪೂರ್ತಿ ದಾರಿ ಸಿಗುತ್ತದೆ. 9999 ಪೈಥಾನ್‌ನಲ್ಲಿ ತೊಂದರೆ ಕೊಡುವುದಿಲ್ಲ, ನಿಮ್ಮ ಯಾವ ನಿಜವಾದ ದಾರಿಯೂ ಅಷ್ಟು ನಿಮಿಷ ಮೀರದಿದ್ದರೆ ಸಾಕು. ಇದನ್ನೇ ಸಿ ಅಥವಾ ಜಾವಾದಲ್ಲಿ ಬರೆಯುವವರು ಅಲ್ಲಿ `int` ಸಾಮಾನ್ಯವಾಗಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647ನ್ನು ಹಾಕಬಾರದು. ಅಂಥ ಎರಡನ್ನು ಕೂಡಿದರೆ ಮೊತ್ತ ಹಿಡಿಸದೆ ಋಣ ಸಂಖ್ಯೆಯಾಗಿ ಹೊರಬರಬಹುದು, ಇಲ್ಲದ ರಸ್ತೆಯೇ ಎಲ್ಲಕ್ಕಿಂತ ಹತ್ತಿರದ ರಸ್ತೆಯಾಗಿಬಿಡುತ್ತದೆ.

ಪರಿಚಯವಿಲ್ಲದ ಊರುಗಳ ಕೋಷ್ಟಕ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಕೆಲಸವೆಲ್ಲ ಮುಗಿದ ಮೇಲೆ ಮೂರು ಲೂಪ್‌ಗಳನ್ನು ಇನ್ನೊಮ್ಮೆ ಓಡಿಸಿ, ಆದರೆ ಏನನ್ನೂ ತಿದ್ದಬೇಡಿ. `d[i][k] + d[k][j]` ಎಲ್ಲಿಯಾದರೂ `d[i][j]`ಗಿಂತ ಕಡಿಮೆ ಬಂದರೆ ಆ ಜೋಡಿಯನ್ನು ಮುದ್ರಿಸಿ. ನಿಮ್ಮ ಹಳೆಯ ಕೋಷ್ಟಕದಲ್ಲಿ ಇದು ತಕ್ಷಣ ಸಿಕ್ಕಿಬೀಳುತ್ತಿತ್ತು: ಮಂಗಳೂರು–ಸುರತ್ಕಲ್ 35, ಸುರತ್ಕಲ್–ಉಡುಪಿ 65, ಎರಡೂ ಸೇರಿ 100, ಆದರೆ ಮನೆಯಲ್ಲಿರುವುದು 145. ಇದು ಮೇಲುಮೇಲಿನ ಪರೀಕ್ಷೆಯಲ್ಲ. ಕೋಷ್ಟಕದ ಪ್ರತಿ ಸಂಖ್ಯೆಯೂ ನಿಜವಾದ ರಸ್ತೆಗಳನ್ನು ಕೂಡಿಯೇ ಬಂದದ್ದು, ಯಾವುದೂ ನೇರ ರಸ್ತೆಗಿಂತ ಹೆಚ್ಚಿಲ್ಲ. ಅದರ ಮೇಲೆ ಈ ಪರೀಕ್ಷೆಯಲ್ಲೂ ಒಂದು ಜೋಡಿಯೂ ಸಿಗದಿದ್ದರೆ ಕೋಷ್ಟಕ ಪೂರ್ತಿ ಸರಿ. ಪ್ರಶ್ನೆಗಳ ಸಂಖ್ಯೆ ಮೊದಲ ಓಟದಷ್ಟೇ ಆಗುತ್ತದೆ, ಹೊಸ ಪ್ರೋಗ್ರಾಂ ಬರೆದ ದಿನ ಅಷ್ಟು ಖರ್ಚು ಮಾಡಿ.

ಕೊನೆಯದು ಮಳೆಗಾಲದ ಪ್ರಶ್ನೆ. ಇಲ್ಲಿ ಸಮಯ ಕಡಿಮೆಯಾಗುವುದೂ ಹೆಚ್ಚಾಗುವುದೂ ಒಂದೇ ರೀತಿಯಲ್ಲ. ಒಂದು ರಸ್ತೆಯ ಸಮಯ ಕಡಿಮೆಯಾದರೆ ಸಿದ್ಧ ಕೋಷ್ಟಕವನ್ನೇ ಇಟ್ಟುಕೊಂಡು ಪ್ರತಿ ಜೋಡಿಗೂ ಒಂದೇ ಪ್ರಶ್ನೆ ಕೇಳಿದರೆ ಸಾಕು: ಈ ರಸ್ತೆಯ ಒಂದು ತುದಿಗೆ ಹೋಗಿ, ರಸ್ತೆ ದಾಟಿ, ಇನ್ನೊಂದು ತುದಿಯಿಂದ ಮುಂದೆ ಹೋದರೆ ಲಾಭವೇ? ಎರಡೂ ದಿಕ್ಕಿಗೆ ಒಂದೊಂದು ಸಲ ಕೇಳಬೇಕು. ಹೆಚ್ಚಾದರೆ ಹಾಗಾಗುವುದಿಲ್ಲ. ಹೆದ್ದಾರಿಯಲ್ಲಿ ನೀರು ನಿಂತು ಸುರತ್ಕಲ್–ಪಡುಬಿದ್ರಿ 25 ಇದ್ದದ್ದು 90 ಆಯಿತೆನ್ನಿ. ಸಿದ್ಧ ಕೋಷ್ಟಕದಲ್ಲಿ ಆ ಮನೆಯನ್ನು 90 ಎಂದು ತಿದ್ದಿ ಮತ್ತೆ ಓಡಿಸಿದರೂ ಮಂಗಳೂರು–ಉಡುಪಿ 100 ಎಂದೇ ಉಳಿಯುತ್ತದೆ. ಈ ವಿಧಾನ ಸಂಖ್ಯೆಯನ್ನು ಇಳಿಸಬಲ್ಲದು, ಏರಿಸಲಾರದು. ಆ 100ರೊಳಗೆ ಹಳೆಯ 25 ಅಡಗಿದೆ ಎಂಬುದು ಕೋಷ್ಟಕಕ್ಕೆ ನೆನಪಿಲ್ಲ. ನೆನಪಿರಲಿ, ಮೇಲೆ ಹೇಳಿದ ಪರೀಕ್ಷೆಯೂ ಇದನ್ನು ಹಿಡಿಯಲಾರದು, ಏಕೆಂದರೆ ಅದು ಹುಡುಕುವುದು ಹೆಚ್ಚಾಗಿ ಉಳಿದ ಸಂಖ್ಯೆಯನ್ನು, ಕಡಿಮೆಯಾಗಿ ಉಳಿದದ್ದನ್ನಲ್ಲ.

ಆದ್ದರಿಂದ ಎರಡು ಕೋಷ್ಟಕಗಳನ್ನು ಇಟ್ಟುಕೊಳ್ಳಿ. ಒಂದರಲ್ಲಿ ನೇರ ರಸ್ತೆಗಳ ಸಮಯ ಮಾತ್ರ ಇರಲಿ, ಅದರ ಮೇಲೆ ಪ್ರೋಗ್ರಾಂ ಎಂದೂ ಬರೆಯದಿರಲಿ. ಇನ್ನೊಂದು ಲೆಕ್ಕಕ್ಕೆ. ಸಮಯ ಹೆಚ್ಚಾದ ದಿನ ಮೊದಲನೆಯದರಲ್ಲಿ ತಿದ್ದಿ, ಅದನ್ನು ಎರಡನೆಯದಕ್ಕೆ ಪೂರ್ತಿ ನಕಲು ಮಾಡಿ, ಮೊದಲಿನಿಂದ ಓಡಿಸಿ. ಪೈಥಾನ್‌ನಲ್ಲಿ ನಕಲು ಮಾಡುವಾಗ `d = base` ಎಂದು ಬರೆದರೆ ಎರಡೂ ಹೆಸರುಗಳು ಒಂದೇ ಕೋಷ್ಟಕವನ್ನು ತೋರುತ್ತವೆ, ಮೂಲವೇ ಕೆಡುತ್ತದೆ. ಸಾಲು ಸಾಲಾಗಿ ನಕಲು ಮಾಡಬೇಕು:

```python
d = [row[:] for row in base]
```

`nxt` ಕೋಷ್ಟಕವನ್ನೂ ಅದೇ ಹೊತ್ತಿಗೆ ಹೊಸದಾಗಿ ತುಂಬಿ. ನೀರು ನಿಂತ ಆ ದಿನದ ಲೆಕ್ಕವನ್ನು ಹೀಗೆ ಮಾಡಿದರೆ ಹೆದ್ದಾರಿಯ ದಾರಿ 35, 90, 40 ಸೇರಿ 165 ಆಗುತ್ತದೆ, ಕಾರ್ಕಳದ್ದು 145. ಅಂದು ಮಾತ್ರ ವ್ಯಾನನ್ನು ಮೂಡುಬಿದಿರೆ, ಕಾರ್ಕಳದ ಮೇಲೆಯೇ ಕಳುಹಿಸಿ.